ಅಲ್ಲಿ ಇಲ್ಲಿ ಬದಲಾಯಿಸಿದ ಅಧ್ಯಾಯ



ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ತಾನಾಗಿ ಒದಗಿಬಂದ ಕೆಲಸ ಕರಡು ತಿದ್ದುವುದು. ಯಾರೋ ಬರೆದ ಹಸ್ತಪ್ರತಿ ಬರುತ್ತದೆ. ಕಾಗುಣಿತ ನೋಡುತ್ತೇನೆ, ತೊಡಕಾದ ವಾಕ್ಯ ಬಿಡಿಸುತ್ತೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದ್ದರೆ ಒಂದನ್ನು ಹೊಡೆದುಹಾಕುತ್ತೇನೆ. ಪುಸ್ತಕ ಅಚ್ಚಾದಾಗ ಮುನ್ನುಡಿಯ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ ಇದ್ದರೂ ಇರಬಹುದು, ಇಲ್ಲದಿದ್ದರೂ ಬೇಸರವಿಲ್ಲ. ಕೂಲಿ ಬಂದಿರುತ್ತದೆ.

ಕಳೆದ ವರ್ಷ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಈಗ ಅವನೂ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಕಾಫಿ ಕುಡಿದು, ಊರು ಮನೆ ಮಾತಾದ ಮೇಲೆ ಚೀಲದಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ನಮ್ಮ ಕಡೆಯ ಕೆರೆಗಳ ಬಗ್ಗೆ ಇಪ್ಪತ್ತೆರಡು ಪುಟಗಳ ಒಂದು ಅಧ್ಯಾಯ. ಬರೆದವರು ಬೇರೆ, ಪುಸ್ತಕ ಅಚ್ಚಾಗಿ ಹದಿನೈದು ವರ್ಷವಾಗಿದೆ.

"ಸರ್, ಇದನ್ನ ಸ್ವಲ್ಪ ಅಲ್ಲಿ ಇಲ್ಲಿ ಬದಲಾಯಿಸಿ ಕೊಡಬೇಕು."

"ಬದಲಾಯಿಸಿ ಏನು ಮಾಡ್ತೀಯಪ್ಪ?"

"ಒಂದು ಸಂಪಾದಿತ ಗ್ರಂಥ ಬರ್ತಾ ಇದೆ. ಅದಕ್ಕೆ ನಂದೊಂದು ಲೇಖನ ಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದೀನಿ."

ಅವನ ಅವಸರ ನನಗೆ ಅರ್ಥವಾಗದ್ದೇನಲ್ಲ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಲೆಕ್ಕ ಹಾಕುವ ಒಂದು ಕೋಷ್ಟಕವಿದೆ. ಸಂಪಾದಿತ ಪುಸ್ತಕದಲ್ಲಿ ಒಂದು ಅಧ್ಯಾಯ ಬರೆದರೆ ಐದು ಅಂಕ. ಪಾಠ, ಪರೀಕ್ಷೆ, ಮೌಲ್ಯಮಾಪನ, ಚುನಾವಣೆ ಕೆಲಸ ಎಲ್ಲ ಮುಗಿಸಿ ಮನೆಗೆ ಬಂದವನಿಗೆ ಐದು ಅಂಕಕ್ಕಾಗಿ ಕೆರೆ ಸುತ್ತಲು ಪುರುಸೊತ್ತು ಎಲ್ಲಿಂದ ಬರಬೇಕು? ಈ ಕೋಷ್ಟಕದ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ, ಅವು ಇವತ್ತಿನ ಮಾತಲ್ಲ.

ಅವನು ಬರಿಗೈಲಿ ಬಂದಿರಲಿಲ್ಲ. ಮಾದರಿಗೆಂದು ಮೊದಲ ಎರಡು ಪುಟ ತಾನೇ 'ಮಾಡಿ' ತಂದಿದ್ದ. ಅವನು ಬಳಸಿದ ಕ್ರಿಯಾಪದ ಅದೇ, ಬರೆದೆ ಅನ್ನಲಿಲ್ಲ. ಉಳಿದ ಇಪ್ಪತ್ತು ಪುಟ ನಾನು ಮಾಡಿಕೊಡಬೇಕು, ಪುಟಕ್ಕೆ ಇಷ್ಟು ಅಂತ ಕೊಡುತ್ತಾನೆ.

ಆ ಪುಸ್ತಕದ ಸಾಲುಗಳನ್ನು ಇಲ್ಲಿ ಓದುವುದು ಸರಿಯಲ್ಲ. ಅವನು ಮಾಡಿದ್ದು ಯಾವ ಬಗೆಯದು ಎಂದು ನಿಮಗೆ ತಿಳಿಯಲೆಂದು ಅದೇ ಅಚ್ಚಿನಲ್ಲಿ ನಾನೇ ನಾಲ್ಕು ವಾಕ್ಯ ಕಟ್ಟಿದ್ದೇನೆ. ಮೂಲ ಹೀಗಿದೆ ಎಂದುಕೊಳ್ಳಿ:

"ಊರಿನವರು ಕೆರೆಯ ನೀರನ್ನು ಅಳೆಯುತ್ತಿದ್ದುದು ಗೇಣು ಮೊಳಗಳಲ್ಲಲ್ಲ. ತೂಬಿನ ಪಕ್ಕದ ಮೆಟ್ಟಿಲುಗಳಲ್ಲಿ ಎಷ್ಟು ಮುಳುಗಿವೆ ಎಂದು ನೋಡಿ ಹೇಳುತ್ತಿದ್ದರು. ನೀರುಗಂಟಿ ಮುಂಜಾನೆ ಏರಿಯ ಮೇಲೆ ನಡೆದು ಬಂದು ಒಂದು ಮಾತು ಹೇಳಿದನೆಂದರೆ ಆ ವರ್ಷ ಭತ್ತವೋ ರಾಗಿಯೋ ತೀರ್ಮಾನವಾಯಿತು. ಕೋಡಿ ಬಿದ್ದ ದಿನ ಮಾತ್ರ ಅವನನ್ನು ಕೇಳುವವರಿರಲಿಲ್ಲ."

ಇದನ್ನು 'ಮಾಡಿದ' ಮೇಲೆ ಹೀಗಾಗುತ್ತದೆ:

"ಗ್ರಾಮಸ್ಥರು ಸರೋವರದ ಜಲವನ್ನು ಗಣನೆ ಮಾಡುವಾಗ ಅಳತೆಯ ಮಾನಗಳನ್ನು ಉಪಯೋಗಿಸುತ್ತಿರಲಿಲ್ಲ. ರಂಧ್ರದ ಸಮೀಪದ ಸೋಪಾನಗಳ ಪೈಕಿ ಎಷ್ಟು ಜಲಾವೃತವಾಗಿವೆ ಎಂಬುದರಿಂದ ಅದನ್ನು ತಿಳಿಯಲಾಗುತ್ತಿತ್ತು. ನೀರು ಬಿಡುವ ಸಿಬ್ಬಂದಿಯು ಪ್ರಾತಃಕಾಲದಲ್ಲಿ ದಿಬ್ಬದ ಮೇಲೆ ಸಂಚರಿಸಿ ಅಭಿಪ್ರಾಯ ತಿಳಿಸಿದರೆ ಆ ಸಾಲಿನ ಬೆಳೆ ಭತ್ತವೇ ಅಥವಾ ರಾಗಿಯೇ ಎಂಬುದು ನಿರ್ಧಾರವಾಗುತ್ತಿತ್ತು. ಪ್ರವಾಹ ಬಂದ ದಿವಸ ಮಾತ್ರ ಆತನನ್ನು ಯಾರೂ ವಿಚಾರಿಸುತ್ತಿರಲಿಲ್ಲ."

ನಮ್ಮ ಕನ್ನಡ ಈ ಕೆಲಸಕ್ಕೆ ಬಹಳ ಅನುಕೂಲವಾಗಿದೆ ನೋಡಿ. ಪ್ರತಿ ಮಾತಿಗೂ ಮನೆಯದೊಂದು, ಸಂಸ್ಕೃತದ್ದೊಂದು ಎರಡು ಉಡುಪು ಇವೆ. ಊರು ತೆಗೆದು ಗ್ರಾಮ ಹಾಕು, ನೀರು ತೆಗೆದು ಜಲ ಹಾಕು, ಮೆಟ್ಟಿಲಿಗೆ ಸೋಪಾನ. ಕ್ರಿಯಾಪದಕ್ಕೆ 'ಲಾಗುತ್ತಿತ್ತು' ಅಂಟಿಸಿದರೆ ವಾಕ್ಯ ಕರ್ಮಣಿಯಾಗುತ್ತದೆ, ವಿದ್ವತ್ತು ಬಂದ ಹಾಗೂ ಕಾಣುತ್ತದೆ. ಎರಡು ಪಾಠಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೂರು ಪದ ಸಾಲಾಗಿ ಒಂದೇ ತೆರನಾಗಿ ಸಿಗುವುದಿಲ್ಲ. ನನ್ನ ಶಿಷ್ಯನ ಹೆಮ್ಮೆಯೂ ಅದೇ ಆಗಿತ್ತು. "ಸಾಫ್ಟ್‌ವೇರ್‌ಗೆ ಹಾಕಿದ್ರೂ ಏನೂ ಸಿಗಲ್ಲ ಸರ್. ಹದಿನಾಲ್ಕು ಪದ ಒಟ್ಟಿಗೆ ಬರಬಾರದು ಅಷ್ಟೇ ತಾನೆ ರೂಲು?"

ಆ ಹದಿನಾಲ್ಕರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕೆರೆಗೆ ಏನಾಯಿತು ನೋಡೋಣ. ತೂಬು ರಂಧ್ರವಾಯಿತು. ತೂಬೆಂದರೆ ಬೇಕಾದಾಗ ತೆರೆದು ಬೇಡದಾಗ ಮುಚ್ಚಿ ಗದ್ದೆಗೆ ನೀರು ಬಿಡುವ ಕಟ್ಟಡ. ಕೆರೆಯಲ್ಲಿ ರಂಧ್ರ ಕಂಡರೆ ಊರವರು ಮಣ್ಣುಮಂಕರಿ ಹಿಡಿದು ಓಡುತ್ತಾರೆ. ಏರಿ ದಿಬ್ಬವಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಆ ಕೊನೆಯ ವಾಕ್ಯ. ಕೋಡಿ ಬೀಳುವುದೆಂದರೆ ಕೆರೆ ತುಂಬಿ ಮಿಕ್ಕ ನೀರು ಕೋಡಿಯ ಮೇಲೆ ಹರಿದುಹೋಗುವುದು. ಅದು ಹಬ್ಬದ ದಿನ, ಊರ ಹೆಣ್ಣುಮಕ್ಕಳು ಬಾಗಿನ ಕೊಡುವ ದಿನ. ನೀರು ಎಷ್ಟಿದೆ ಎಂದು ನೀರುಗಂಟಿಯನ್ನು ಅವತ್ತು ಯಾರೂ ಕೇಳದಿರುವುದು ಎಲ್ಲರ ಕಣ್ಣಿಗೂ ಅದು ಕಾಣುತ್ತಿರುವುದರಿಂದ. ಮೂಲದ ಆ ವಾಕ್ಯದಲ್ಲಿ ಒಂದು ಸಣ್ಣ ನಗು ಇದೆ. ಕೋಡಿ ತೆಗೆದು ಪ್ರವಾಹ ಹಾಕಿದ ಮೇಲೆ ನಗು ಹೋಯಿತು, ಅರ್ಥವೂ ಹೋಯಿತು. ಪ್ರವಾಹ ಬಂದ ದಿನ ನೀರುಗಂಟಿಯನ್ನು ಕೇಳದೆ ಇನ್ನಾರನ್ನು ಕೇಳಬೇಕು?

ಹೋದದ್ದು ಪದ. ಹಾಗೆಯೇ ಉಳಿದದ್ದು ಯಾವುದು? ಅಳತೆ ಮೊದಲು, ಮೆಟ್ಟಿಲು ಆಮೇಲೆ, ನೀರುಗಂಟಿಯ ನಡಿಗೆ, ಬೆಳೆಯ ತೀರ್ಮಾನ, ಕೊನೆಗೆ ಯಾರೂ ಕೇಳದ ದಿನ. ಈ ಐದನ್ನು ಆರಿಸಿದ್ದು, ಈ ಅನುಕ್ರಮದಲ್ಲಿ ಇಟ್ಟದ್ದು, ಇಂಥಲ್ಲಿ ನಿಲ್ಲಿಸಿದ್ದು ಮೂಲ ಲೇಖಕರು. ಕೆರೆಯ ಬಗ್ಗೆ ಹೇಳುವುದಕ್ಕೆ ನೂರು ಸಂಗತಿಗಳಿವೆ. ಆ ನೂರರಲ್ಲಿ ಐದು ಸಾಕೆಂದು ತಿಳಿಯಬೇಕಾದರೆ ಉಳಿದ ತೊಂಬತ್ತೈದೂ ಗೊತ್ತಿರಬೇಕು. ಅಧ್ಯಾಯ ಬರೆಯುವವನ ಶ್ರಮವೆಲ್ಲ ಅಲ್ಲಿ ಇರುತ್ತದೆ. ಪದ ಬದಲಾಯಿಸುವವನು ಅದರ ತಂಟೆಗೇ ಹೋಗುವುದಿಲ್ಲ, ಹೋಗುವಂತೆಯೂ ಇಲ್ಲ. ಯಾವುದನ್ನು ಕೈಬಿಟ್ಟರು, ಏಕೆ ಕೈಬಿಟ್ಟರು ಎಂಬುದು ಅವನಿಗೆ ಗೊತ್ತಿಲ್ಲವಲ್ಲ.

ಈ ಕಸುಬು ಹೊಸದೇನೂ ಅಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟ ಹರ್ಷಚರಿತೆಯ ಪೀಠಿಕೆಯಲ್ಲಿ ಇದರ ಬಗ್ಗೆ ಒಂದು ಶ್ಲೇಷೆ ಮಾಡಿದ್ದಾನೆ. ಕಳ್ಳಕವಿಯು ವರ್ಣಗಳನ್ನು ಬದಲಾಯಿಸುತ್ತಾನೆ, ಬಂಧದ ಗುರುತುಗಳನ್ನು ಮರೆಮಾಡುತ್ತಾನೆ, ಆದರೂ ಬಲ್ಲವರ ನಡುವೆ ಯಾರೂ ಹೇಳದೆಯೇ ಸಿಕ್ಕಿಬೀಳುತ್ತಾನೆ ಎಂಬುದು ಅದರ ತಾತ್ಪರ್ಯ. ವರ್ಣವೆಂದರೆ ಅಕ್ಷರವೂ ಹೌದು, ಮೈಬಣ್ಣವೂ ಹೌದು. ಬಂಧವೆಂದರೆ ಕಾವ್ಯದ ಕಟ್ಟೂ ಹೌದು, ಕಳ್ಳನ ಕೈಕಾಲಿಗೆ ಹಾಕಿದ ಸಂಕೋಲೆಯೂ ಹೌದು. ಮೈಗೆ ಬೇರೆ ಬಣ್ಣ ಬಳಿದುಕೊಳ್ಳಬಹುದು, ಆದರೆ ಬೇಡಿ ಉಜ್ಜಿ ಬಿದ್ದ ಕಲೆ ಹೋಗುವುದಿಲ್ಲ. ನನ್ನ ಶಿಷ್ಯನ ಎರಡು ಪುಟ ಓದುತ್ತಿದ್ದಾಗ ನನಗೆ ನೆನಪಾದದ್ದು ಇದೇ ಮಾತು. ವರ್ಣವೆಲ್ಲ ಬದಲಾಗಿತ್ತು, ಬಂಧ ಹಾಗೇ ಇತ್ತು.

ಕಲೆ ಎಂದೆ. ಅದನ್ನು ಹುಡುಕುವ ಒಂದು ಉಪಾಯ ನಮ್ಮ ಗ್ರಂಥಸಂಪಾದನೆಯ ಪಾಠದಲ್ಲೇ ಇದೆ. ಒಂದು ಕಾವ್ಯದ ಎರಡು ಓಲೆಪ್ರತಿಗಳು ಸಿಕ್ಕಿದಾಗ ಅವುಗಳ ನಡುವೆ ನಂಟಿದೆಯೇ ಎಂದು ತಿಳಿಯುವುದು ಹೇಗೆ? ಎರಡರಲ್ಲೂ ಶುದ್ಧಪಾಠ ಒಂದೇ ಆಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಸರಿಯಾದದ್ದು ಎಲ್ಲಿದ್ದರೂ ಒಂದೇ. ಆದರೆ ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ? ಒಂದು ಇನ್ನೊಂದನ್ನು ನೋಡಿ ಬರೆದದ್ದು, ಇಲ್ಲವೇ ಎರಡಕ್ಕೂ ಒಂದೇ ತಾಯಿ. ಹೊಸದಾಗಿ ಕಣ್ಣು ಬಿಟ್ಟು ನೋಡಿದ ಇಬ್ಬರು ಒಂದೇ ಕಡೆ ಒಂದೇ ರೀತಿ ಎಡವುವುದು ಬಹಳ ಅಪರೂಪ.

ಆ ಜೆರಾಕ್ಸಿನ ಎರಡನೆಯ ಪುಟದಲ್ಲಿ ಅಂಥದ್ದೊಂದು ಇತ್ತು. ಕೆರೆ ಕಟ್ಟುವುದರ ಬಗ್ಗೆ ಬರೆಯುವವರೆಲ್ಲ ಒಂದಲ್ಲ ಒಂದು ಕಡೆ ಪೋರುಮಾಮಿಳ್ಳ ಶಾಸನವನ್ನು ನೆನೆಯುತ್ತಾರೆ. ಈಗಿನ ಆಂಧ್ರದ ಕಡಪಾ ಜಿಲ್ಲೆಯ ಊರು ಅದು. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಅಲ್ಲೊಂದು ದೊಡ್ಡ ಕೆರೆ ಕಟ್ಟಿಸಿದ. ದಿನವೂ ಸಾವಿರ ಆಳು ದುಡಿದರೆಂದೂ ಕಲ್ಲು ಸಾಗಿಸಲು ನೂರು ಬಂಡಿಗಳಿದ್ದವೆಂದೂ ಎರಡು ವರ್ಷದಲ್ಲಿ ಕೆಲಸ ಮುಗಿಯಿತೆಂದೂ ಆ ಶಾಸನದಲ್ಲಿದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಅದರ ಕಾಲ ಶಕ 1291. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ, ಅಂದರೆ 1369. ನನ್ನ ಮುಂದಿದ್ದ ಪುಸ್ತಕದಲ್ಲಿ ಶಕ 1291 ಎಂದು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಕ್ರಿಸ್ತಶಕ ಮಾತ್ರ 1396 ಎಂದು ಅಚ್ಚಾಗಿತ್ತು. ಬೆರಳಚ್ಚು ಮಾಡಿದವರೋ ಕರಡು ನೋಡಿದವರೋ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದ್ದರು.

ಶಿಷ್ಯನ ಪ್ರತಿಯಲ್ಲಿ ಏನಿತ್ತು? ವಾಕ್ಯ ಬೇರೆ ಥರ ಕಾಣಲೆಂದು ಶಕವರ್ಷವನ್ನು ಬಿಟ್ಟಿದ್ದ. ಕ್ರಿಸ್ತಶಕ 1396 ಒಂದೇ ಉಳಿದುಕೊಂಡಿತ್ತು. ಮೂಲವನ್ನು ಓದುವವನಿಗೆ ಶಕವರ್ಷ ಪಕ್ಕದಲ್ಲೇ ಇರುವುದರಿಂದ ಕೂಡಿ ನೋಡಿ ತಿದ್ದಿಕೊಳ್ಳುವ ದಾರಿಯಿತ್ತು. ನಕಲು ಓದುವವನಿಗೆ ಅದೂ ಇಲ್ಲ. ಇನ್ನು ಈ ನಕಲನ್ನು ನೋಡಿ ಬರೆಯುವವನು 1396ನ್ನೇ ಎತ್ತಿಕೊಳ್ಳುತ್ತಾನೆ, ಅದಕ್ಕೊಂದು ಅಡಿಟಿಪ್ಪಣಿಯನ್ನೂ ಹಾಕುತ್ತಾನೆ. ಹೀಗೇ ಆ ತಪ್ಪಿಗೆ ಕುಲಗೋತ್ರ ಹುಟ್ಟುತ್ತದೆ.

ನಾನು ಇದನ್ನು ಅವನಿಗೆ ಹೇಳಲಿಲ್ಲ. ಮೇಷ್ಟ್ರ ಹಟ ಅಂತ ಬೇಕಾದರೆ ಅನ್ನಿ.

ಬೇಡ, ಈ ಕೆಲಸ ನನ್ನಿಂದ ಆಗುವುದಿಲ್ಲ ಎಂದಾಗ ಅವನು ಒಂದಾದ ಮೇಲೊಂದು ಸಮಾಧಾನ ಹೇಳತೊಡಗಿದ. ಈ ಪುಸ್ತಕ ಈಗ ಎಲ್ಲೂ ಸಿಗಲ್ಲ ಸರ್. ಬರೆದವರಿಗೆ ವಯಸ್ಸಾಗಿದೆ, ಎಲ್ಲೋ ಮಗನ ಮನೆಯಲ್ಲಿದ್ದಾರೆ. ಅವರ ಹೆಸರು ಕೇಳಿದವರೇ ಕಡಿಮೆ. ನಾನು ಬರೆದರೆ ನಾಲ್ಕು ಜನ ವಿದ್ಯಾರ್ಥಿಗಳಾದರೂ ಓದ್ತಾರೆ.

ನನಗೆ ನಗು ಬಂತು. ಇದೇ ಸಮಾಧಾನಗಳು ಸುಮಾರು ಸಾವಿರದ ನೂರು ವರ್ಷ ಹಿಂದೆಯೇ ದಾಖಲಾಗಿವೆ. ಕನ್ನೌಜಿನ ಆಸ್ಥಾನದಲ್ಲಿದ್ದ ರಾಜಶೇಖರ ಕಾವ್ಯಮೀಮಾಂಸೆ ಎಂಬ ಗ್ರಂಥ ಬರೆದ. ಅದರಲ್ಲಿ ಹರಣಕ್ಕೇ, ಅಂದರೆ ಇನ್ನೊಬ್ಬರ ಮಾತು ಭಾವ ಎತ್ತುವುದಕ್ಕೇ, ಮೂರು ಅಧ್ಯಾಯಗಳಿವೆ. ಕಾಲ ಕಳೆದ ಹಾಗೆ ಬೇರೆ ಕಳವಿನ ಅಪವಾದ ಸವೆದುಹೋಗುತ್ತದೆ, ಮಾತಿನ ಕಳವಿನದು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ ಎಂಬ ಹಿರಿಯರ ಮಾತನ್ನು ಅವನು ಮುಂದಿಡುತ್ತಾನೆ. ಹಾಗಾದರೆ ಹರಣವನ್ನು ಹೇಳಿಕೊಡುವುದೇ ತಪ್ಪಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳುವವಳು ಅವನ ಹೆಂಡತಿ ಅವಂತಿಸುಂದರಿ. ಕವಿಗಳು ತಮಗೆ ತಾವೇ ಹೇಳಿಕೊಳ್ಳುವ ನೆಪಗಳನ್ನು ಅವಳು ಜೋಡಿಸಿಡುತ್ತಾಳೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ. ಅವನ ಕೃತಿ ಚಲಾವಣೆಯಲ್ಲಿಲ್ಲ, ನನ್ನದು ಚಲಾವಣೆಯಲ್ಲಿದೆ. ಬರೆದವನು ದೂರದೇಶದವನು. ಅವಳು ಇದನ್ನು ಗಂಭೀರವಾಗಿ ಹೇಳಿದಳೋ ಕೆಣಕಿ ಹೇಳಿದಳೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಕೆಣಕಿದ್ದೇ ಇರಬೇಕು ಎಂಬುದು ನನ್ನ ಗುಮಾನಿ.

ರಾಜಶೇಖರ ಮಡಿವಂತನೇನಲ್ಲ. ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವ್ಯಾಪಾರಿಯೂ ಇಲ್ಲ ಎಂದವನೇ ಅವನು. ಎಲ್ಲರೂ ಯಾರಿಂದಲೋ ಪಡೆದವರೇ ಎಂದು ಒಪ್ಪಿಕೊಂಡ ಮೇಲೆಯೇ ಅವನು ಪಡೆಯುವ ಬಗೆಗಳನ್ನು ವಿಂಗಡಿಸುತ್ತಾನೆ. ಅರ್ಥವೆಲ್ಲ ಅದೇ ಇದ್ದು ವಾಕ್ಯರಚನೆ ಮಾತ್ರ ಬೇರೆಯಾದದ್ದು ಪ್ರತಿಬಿಂಬಕಲ್ಪ, ಕನ್ನಡಿಯೊಳಗಿನ ನೆರಳಿನಂಥದ್ದು. ಅದು ಕವಿಗೆ ತಕ್ಕದ್ದಲ್ಲ ಎಂದು ಪಕ್ಕಕ್ಕಿಡುತ್ತಾನೆ. ಅವನಿಗಿಂತ ಮೊದಲೇ ಕಾಶ್ಮೀರದ ಆನಂದವರ್ಧನ ಇದನ್ನು ತೂಗಿ ನೋಡಿದ್ದ. ಪ್ರತಿಬಿಂಬಕ್ಕೆ ತನ್ನದೆಂಬ ಜೀವವಿಲ್ಲ ಎಂಬುದು ಅವನ ತೀರ್ಪು. ಆದರೆ ಇಬ್ಬರು ಮನುಷ್ಯರ ಚಹರೆ ಒಂದನ್ನೊಂದು ಹೋಲುವಂತೆ ಎರಡು ಕವಿತೆಗಳು ಹೋಲಿದರೆ ಅದನ್ನು ಬಿಡಬೇಕಾಗಿಲ್ಲ, ಏಕೆಂದರೆ ಅಲ್ಲಿ ಜೀವ ಎರಡಿವೆ. ಕೆರೆಯ ಬಗ್ಗೆ ಇಬ್ಬರು ಬರೆದರೆ ಇಬ್ಬರಲ್ಲೂ ತೂಬು ಬರುತ್ತದೆ, ಕೋಡಿ ಬರುತ್ತದೆ, ನೀರುಗಂಟಿ ಬರುತ್ತಾನೆ. ಅದು ಹೋಲಿಕೆ. ನನ್ನ ಮೇಜಿನ ಮೇಲಿದ್ದದ್ದು ನೆರಳು.

ಈಗ ಆ ಹದಿನಾಲ್ಕು ಪದಗಳಿಗೆ ಬರೋಣ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೃತಿಚೌರ್ಯ ತಡೆಯಲೆಂದು ಯುಜಿಸಿ 2018ರಲ್ಲೇ ಪ್ರತ್ಯೇಕ ನಿಯಮಾವಳಿ ತಂದಿತು. ಹೋಲಿಕೆ ಪರೀಕ್ಷಿಸುವಾಗ ಎಲ್ಲರಿಗೂ ತಿಳಿದ ಮಾತುಗಳನ್ನೂ ಆಕಸ್ಮಿಕವಾಗಿ ಒಂದೇ ಆಗಿಬಿಟ್ಟ ಮಾತುಗಳನ್ನೂ ಹದಿನಾಲ್ಕು ಪದಗಳ ಸಾಲಿನವರೆಗೆ ಲೆಕ್ಕದಿಂದ ಬಿಡಬಹುದು ಎಂದು ಅದರಲ್ಲಿದೆ. ಇದು ಯಂತ್ರ ಸುಮ್ಮಸುಮ್ಮನೆ ಕೂಗಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು. ಹದಿನಾಲ್ಕು ಪದ ಕದಿಯಬಹುದು ಎಂಬ ರಹದಾರಿಯಲ್ಲ. ಅದೂ ಕನ್ನಡದಲ್ಲಿ ಹದಿನಾಲ್ಕು ಪದವೆಂದರೆ ಒಂದು ದೊಡ್ಡ ವಾಕ್ಯವೇ ಮುಗಿದುಹೋಗುತ್ತದೆ, ವಿಭಕ್ತಿ ಪ್ರತ್ಯಯ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ. ಅದೇ ನಿಯಮಾವಳಿ ಕೃತಿಚೌರ್ಯಕ್ಕೆ ಕೊಟ್ಟಿರುವ ವಿವರಣೆ ತೀರ ಸರಳ: ಇನ್ನೊಬ್ಬರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತೆಗೆದುಕೊಂಡು ತನ್ನದೆಂದು ತೋರಿಸುವುದು. ವಿಚಾರವನ್ನಾಗಲಿ ಎಂಬುದನ್ನು ಗಮನಿಸಿ. ಪದ ಎಣಿಸುವ ಪ್ರಶ್ನೆಯೇ ಅಲ್ಲಿಲ್ಲ.

ಸಾಫ್ಟ್‌ವೇರಿಗೆ ಸಿಗುವುದಿಲ್ಲ ಎಂದು ಅವನು ಹೇಳಿದ್ದು ನಿಜವೇ. ಆ ಯಂತ್ರ ಹೋಲಿಸುವುದು ತನ್ನ ಭಂಡಾರದಲ್ಲಿ ಇರುವ ಪಠ್ಯದ ಜೊತೆ ಮಾತ್ರ. ಹದಿನೈದು ವರ್ಷದ ಹಿಂದೆ ಸಣ್ಣ ಪ್ರಕಾಶನವೊಂದು ತಂದ ಕನ್ನಡ ಪುಸ್ತಕ ಅಲ್ಲಿ ಇರುವ ಸಂಭವ ಕಡಿಮೆ. ಇದ್ದರೂ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವಾದರೆ ಯೂನಿಕೋಡಿನ ಪಠ್ಯದೊಂದಿಗೆ ಅದು ತಾಳೆಯೇ ಆಗುವುದಿಲ್ಲ. ಕಣ್ಣಿಗೆ ಎರಡೂ 'ಕೆರೆ' ಎಂದೇ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಇನ್ನು ಪದಗಳನ್ನು ಬದಲಿಸಿದ್ದರೆ ಕೇಳುವುದೇ ಬೇಡ. ಆದ್ದರಿಂದ ಹೋಲಿಕೆ ಶೇಕಡಾ ಸೊನ್ನೆ ಎಂದು ವರದಿ ಬಂದರೆ ಹುಡುಕಿದ ಕಡೆ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಹಿಡಿಯುವವನು ಬೇರೆ ಕಡೆ ಇರುತ್ತಾನೆ. ಕೆರೆಯ ಬಗ್ಗೆ ನಿಜವಾಗಿ ಕೆಲಸ ಮಾಡಿದವನು, ಆ ಹಳೆಯ ಪುಸ್ತಕವನ್ನು ಎರಡು ಸಲ ಓದಿದವನು, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ, ಅಲ್ಲ, ಮುಂದೆ ನೀರುಗಂಟಿ ಬರಬೇಕಲ್ಲ ಎಂದುಕೊಳ್ಳುತ್ತಾನೆ. ನೀರುಗಂಟಿ ಬಂದೇ ಬಿಡುತ್ತಾನೆ, ಸಿಬ್ಬಂದಿಯ ವೇಷದಲ್ಲಿ.

ಸಿಕ್ಕಿಬಿದ್ದರೆ ಏನು? ಅಚ್ಚಾದ ಬರಹಗಳ ವಿಷಯದಲ್ಲಿ ಹೋಲಿಕೆ ಶೇಕಡಾ ಅರವತ್ತನ್ನು ದಾಟಿದರೆ ಆ ಬರಹವನ್ನು ಹಿಂತೆಗೆದುಕೊಳ್ಳಬೇಕು, ಎರಡು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಮೂರು ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕನಾಗುವಂತಿಲ್ಲ. ಆ ಬರಹದಿಂದ ಈಗಾಗಲೇ ಪಡೆದ ಲಾಭವನ್ನೂ ತಡೆಹಿಡಿಯಬಹುದು. ಐದು ಅಂಕಕ್ಕೆ ಇದು ದುಬಾರಿ ಎಂದೆ. ಅವನು ಕಾನೂನಿನ ಕಡೆ ಹೊರಳಿದ.

"ಐಡಿಯಾಗೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಸರ್?"

ಹೇಳಿದೆ, ನಿಜ. 1978ರ ಆರ್. ಜಿ. ಆನಂದ್ ಪ್ರಕರಣ. 'ಹಮ್ ಹಿಂದುಸ್ತಾನಿ' ಎಂಬ ತಮ್ಮ ನಾಟಕವನ್ನು ಕದ್ದು 'ನ್ಯೂ ಡೆಲ್ಲಿ' ಎಂಬ ಚಲನಚಿತ್ರ ಮಾಡಿದ್ದಾರೆ ಎಂದು ನಾಟಕಕಾರರು ದಾವೆ ಹೂಡಿದ್ದರು. ಪಂಜಾಬಿ ಮನೆ, ಮದರಾಸಿ ಮನೆ, ನಡುವೆ ಪ್ರೀತಿ, ಅಡ್ಡಬರುವ ಪ್ರಾಂತಾಭಿಮಾನ, ಇವು ಎರಡರಲ್ಲೂ ಇದ್ದವು. ಆದರೂ ನಾಟಕಕಾರರು ಸೋತರು. ವಸ್ತು ಒಂದೇ ಆದರೂ ಚಲನಚಿತ್ರ ಅದನ್ನು ಬೇರೆ ದಾರಿಯಲ್ಲಿ ಬೆಳೆಸಿದೆ, ನಾಟಕದಲ್ಲಿ ಇಲ್ಲದ ಸಂಗತಿಗಳನ್ನು ತಂದಿದೆ ಎಂದು ನ್ಯಾಯಾಲಯ ಕಂಡುಕೊಂಡಿತು. ಜನ ಈ ತೀರ್ಪನ್ನು ಇಲ್ಲಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಅಲ್ಲಿ ಇಲ್ಲಿ ಕೆಲವು ವ್ಯತ್ಯಾಸ ಮಾಡಿ ಮೂಲವನ್ನು ಅನುಕರಿಸಿದ್ದರೆ ಅದು ಹಕ್ಕಿನ ಉಲ್ಲಂಘನೆಯೇ. ಎರಡನ್ನೂ ಓದಿದವನಿಗೆ ಎರಡನೆಯದು ಮೊದಲನೆಯದರ ನಕಲು ಎಂದು ಖಚಿತವಾಗಿ ಅನ್ನಿಸುತ್ತದೆಯೇ ಎಂಬುದನ್ನೇ ನ್ಯಾಯಾಲಯ ಒರೆಗಲ್ಲು ಮಾಡಿತು. "ನೀನು ಬಂದ ಕೂಡಲೇ ಆಡಿದ ಮಾತೇ ಇದೆ ನೋಡು ಅದರಲ್ಲಿ, ಅಲ್ಲಿ ಇಲ್ಲಿ ಅಂತ" ಎಂದೆ. ಅವನು ಸುಮ್ಮನಾದ.

1957ರ ಕೃತಿಸ್ವಾಮ್ಯ ಕಾಯ್ದೆಯೂ ಇಷ್ಟೇ ಸ್ಪಷ್ಟವಾಗಿದೆ. ಕೃತಿಯ ಭಾಗಗಳನ್ನು ಹಿಂದುಮುಂದು ಮಾಡಿಯೋ ಮಾರ್ಪಡಿಸಿಯೋ ಬಳಸುವುದೂ ರೂಪಾಂತರವೇ, ಅದರ ಹಕ್ಕು ಕೃತಿಸ್ವಾಮ್ಯ ಉಳ್ಳವರದು. ಗೊತ್ತಿದ್ದೂ ಉಲ್ಲಂಘಿಸಿದವನಿಗೆ ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಶಿಕ್ಷೆಯುಂಟು. ಪುಟಕ್ಕೆ ಇಷ್ಟು ಎಂದು ಕೂಲಿ ತೆಗೆದುಕೊಂಡು ಪದ ಬದಲಿಸಿ ಕೊಡುವ ನಾನು ಆ ಎರಡನೆಯ ಸಾಲಿನವನು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಬಿ.ಎಂ.ಶ್ರೀಯವರು ತೀರಿಕೊಂಡದ್ದು 1946ರಲ್ಲಿ. ಇವತ್ತು ಅವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಹಾಗೆಂದು ಮುಖಪುಟದ ಮೇಲೆ ನನ್ನ ಹೆಸರು ಹಾಕಿಕೊಳ್ಳಬಹುದೇ? ಮಾರುವ ಹಕ್ಕು ಬೇರೆ, ಬರೆದವನು ನಾನು ಎನ್ನುವ ಹಕ್ಕು ಬೇರೆ. ಬಿ.ಎಂ.ಶ್ರೀ ಹೆಸರು ಸುಮ್ಮನೆ ತೆಗೆಯಲಿಲ್ಲ. 1926ರ ಅವರ ಸಂಕಲನದಲ್ಲಿ ಪರಭಾಷೆಯ ಕವಿತೆಗಳು ಕನ್ನಡಕ್ಕೆ ಬಂದ ರೀತಿ ನೋಡಿದರೆ, ಅಲ್ಲಿ ಪದಗಳಷ್ಟೇ ಅಲ್ಲ, ಛಂದಸ್ಸು, ಗಾಳಿ, ಬೆಳಕು ಎಲ್ಲ ಬದಲಾಗಿವೆ. ನನ್ನದು ಎಂದಿದ್ದರೂ ಎಷ್ಟೋ ಜನ ನಂಬುತ್ತಿದ್ದರು. ಅವರು ಪುಸ್ತಕಕ್ಕೆ ಇಟ್ಟ ಹೆಸರು 'ಇಂಗ್ಲಿಷ್ ಗೀತಗಳು'.

ಕೊನೆಗೆ ಅವನೊಂದು ಮಾತು ಕೇಳಿದ. ಅದಕ್ಕೆ ಮಾತ್ರ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.

"ಸರ್, ನೀವು ದಿನಾ ಮಾಡೋದೂ ಇದೇ ಅಲ್ವಾ? ಯಾರೋ ಬರೆದದ್ದನ್ನ ನೀವು ಅರ್ಧಕ್ಕರ್ಧ ತಿದ್ದಿ ಬರೀತೀರಿ, ಅವರು ತಮ್ಮ ಹೆಸರು ಹಾಕ್ಕೋತಾರೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಪ್ರಶ್ನೆ ಸರಿಯಾಗಿಯೇ ಇದೆ. ಕೆಲವು ಹಸ್ತಪ್ರತಿಗಳಲ್ಲಿ ನಾನು ಉಳಿಸುವ ವಾಕ್ಯಗಳಿಗಿಂತ ಬದಲಾಯಿಸುವವೇ ಹೆಚ್ಚು. ಪದದ ಲೆಕ್ಕ ಹಿಡಿದರೆ ಆ ಪುಸ್ತಕ ಲೇಖಕರದ್ದಕ್ಕಿಂತ ನನ್ನದೇ ಹೆಚ್ಚು. ಆದರೂ ಅದು ಅವರದ್ದು. ಏನು ಹೇಳಬೇಕು, ಯಾವುದಾದ ಮೇಲೆ ಯಾವುದು ಎಂದು ನಿರ್ಧರಿಸಿದವರು ಅವರು. ತಪ್ಪಾದರೆ ಬೈಸಿಕೊಳ್ಳುವವರೂ ಅವರೇ. ಅವರು ನನ್ನ ಮುಂದೆ ಕುಳಿತು, ಇದು ಬೇಡ ಅದು ಇರಲಿ ಎನ್ನುತ್ತಾರೆ. ಕರಡಿನ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದರೆ ಉತ್ತರ ಕೊಡಲು ಒಬ್ಬರಿದ್ದಾರೆ. ಈ ಇಪ್ಪತ್ತೆರಡು ಪುಟಗಳ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದರೆ ನಾನು ಯಾರನ್ನು ಕೇಳಲಿ? ಉತ್ತರ ಬಲ್ಲವರಿಗೆ ವಿಷಯವೇ ಗೊತ್ತಿಲ್ಲ. ಉತ್ತರ ಕೊಡಬೇಕಾದವನಿಗೆ ಕೋಡಿಗೂ ಪ್ರವಾಹಕ್ಕೂ ವ್ಯತ್ಯಾಸ ತಿಳಿಯದು. ಹೀಗೆಂದಾಗ ಅವನ ಮುಖ ಸಣ್ಣದಾಯಿತು. ಅಷ್ಟು ಕಟುವಾಗಿ ಹೇಳಬಾರದಿತ್ತೋ ಏನೋ.

ಇನ್ನೂ ಒಂದು ಕಾರಣವಿತ್ತು. ಒಂದು ಪುಟವನ್ನು ಹಾಗೆಹಾಗೇ ಇಳಿಸಿಕೊಂಡವನು ಉದ್ಧರಣ ಚಿಹ್ನೆ ಮರೆತೆ, ಟಿಪ್ಪಣಿ ಕಲಸಿಹೋಯಿತು ಎಂದು ಹೇಳಬಹುದು. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ, ನನಗೂ ಒಮ್ಮೆ ಹಾಗಾಗಿದೆ. ಆದರೆ ಸಾಲುಸಾಲಿಗೆ ನೀರನ್ನು ಜಲವಾಗಿಸುತ್ತ ಹೋದವನು ಮರೆತೆ ಎನ್ನುವಂತಿಲ್ಲ. ಒಂದೊಂದು ಬದಲಾವಣೆಯೂ, ಇದು ಇನ್ನೊಬ್ಬರದ್ದೆಂದು ನನಗೆ ಗೊತ್ತಿತ್ತು ಎಂದು ಅವನ ಕೈಯಿಂದಲೇ ಬರೆದುಕೊಟ್ಟ ಸಾಕ್ಷಿ. ಇಪ್ಪತ್ತು ಪುಟಕ್ಕೆ ಅಂಥ ಸಾವಿರಾರು ಸಾಕ್ಷಿಗಳನ್ನು ನನ್ನ ಅಕ್ಷರದಲ್ಲಿ ಬರೆದುಕೊಡು ಎಂದು ಅವನು ಕೇಳುತ್ತಿದ್ದ. ಅದು ಅವನಿಗೇ ಹೊಳೆದಿರಲಿಲ್ಲ, ಪಾಪ.

ಬರಿಗೈಲಿ ಕಳಿಸಲು ಮನಸ್ಸಾಗಲಿಲ್ಲ. ಅವನ ಊರಿಗೆ ನಾನು ಹಿಂದೊಮ್ಮೆ ಹೋಗಿದ್ದೆ, ಊರ ಮುಂದೆಯೇ ಕೆರೆ ಇದೆ. ಇಪ್ಪತ್ತೆರಡು ಪುಟ ಬೇಡ, ಎಂಟು ಪುಟ ಬರಿ ಎಂದೆ. ನಿಮ್ಮ ಕೆರೆಗೆ ತೂಬು ಎಷ್ಟು, ಈಗ ಯಾವುದು ತೆರೆಯುತ್ತದೆ? ಕಡೆಯ ನೀರುಗಂಟಿ ಯಾರು, ಅವನಿಗೆ ಊರವರು ಏನು ಕೊಡುತ್ತಿದ್ದರು, ಹಣವೋ ಭತ್ತವೋ ಇನಾಮು ಜಮೀನೋ? ಕಡೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ? ಊರಿನ ಮೂವರು ಮುದುಕರು ಮೂರು ಇಸವಿ ಹೇಳಿದರೆ ಮೂರನ್ನೂ ಬರಿ. ಈ ಪುಸ್ತಕದ ಮಾತು ನಿಜವಾಗಿ ಬೇಕೆನಿಸಿದ ಕಡೆ ಎರಡು ಮೂರು ಸಾಲು ಹಾಗೆಯೇ ಉದ್ಧರಿಸು, ಲೇಖಕರ ಹೆಸರು, ಪುಸ್ತಕ, ಪುಟ ಹಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಒಂದು ಕಾಗದ ಬರೆದು ಅವರನ್ನೇ ಕೇಳು. ಮಗನ ಮನೆಯಲ್ಲಿ ಕೂತಿರುವ ವಯಸ್ಸಾದ ಲೇಖಕರಿಗೆ ಅಂಥ ಕಾಗದ ಬರುವುದು ಅಪರೂಪ. ನೀನು ಬರೆದು ತಾ, ನಾನು ತಿದ್ದಿಕೊಡುತ್ತೇನೆ, ಕೂಲಿ ಬೇಡ.

"ಟೈಮ್ ಇಲ್ಲ ಸರ್" ಎಂದ. ನಮಸ್ಕಾರ ಮಾಡಿ ಹೊರಟ. ಬೇಸರವಾಗಿತ್ತೆಂದು ಅವನು ಚಪ್ಪಲಿ ಮೆಟ್ಟಿದ ರೀತಿಯಲ್ಲೇ ಗೊತ್ತಾಯಿತು. ಇದನ್ನು ಮಾಡಿಕೊಡುವ ಬೇರೆಯವರು ಪೇಟೆಯಲ್ಲಿ ಸಿಗುತ್ತಾರೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆ ಸಂಪಾದಿತ ಗ್ರಂಥ ಮುಂದೆ ಅಚ್ಚಾಯಿತು. ಪರಿವಿಡಿಯಲ್ಲಿ ಅವನ ಹೆಸರಿರಲಿಲ್ಲ. ಅವನು ಕೊಡಲಿಲ್ಲವೋ ಅವರು ಹಾಕಲಿಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ.

ಮೊನ್ನೆ ಯುಗಾದಿಯಾದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ಕ್ಷೇಮಸಮಾಚಾರವೂ ಇಲ್ಲದೆ ನೇರವಾಗಿ ಕೇಳಿದ.

"ಸರ್, ಶಕವರ್ಷಕ್ಕೆ ಎ‌ಪ್ಪತ್ತೆಂಟು ತಾನೆ ಸೇರಿಸೋದು?"

"ಹೌದು."

"ಹಾಗಾದ್ರೆ ಆ ಪುಸ್ತಕದಲ್ಲಿ ಪೋರುಮಾಮಿಳ್ಳದ ಇಸವಿ ತಪ್ಪಾಗಿದೆ ಸರ್. ಅವರಿಗೊಂದು ಕಾಗದ ಬರೀಬೇಕು, ವಿಳಾಸ ಹೇಗೆ ಹುಡುಕೋದು?"

ಪ್ರಕಾಶಕರನ್ನು ಕೇಳು ಎಂದೆ. ಅನ್ನ ಆರಿಹೋಗಿತ್ತು.